ಒಂದೊಂದು ಕಾಗದಕ್ಕೂ ಒಂದೊಂದು ಮಾತು
ವಿದ್ಯಾರ್ಥಿವೇತನದ ಮನವಿ ಪತ್ರ ಹೇಗಿರಬೇಕು?

ಶ್ರಾವಣ ಮಾಸ ಸಮೀಪಿಸುತ್ತಿದ್ದಂತೆ ನಮ್ಮ ಮಠಗಳ ಹಾಗೂ ದತ್ತಿ ಸಂಸ್ಥೆಗಳ ಕಚೇರಿಗಳಿಗೆ ವಿದ್ಯಾರ್ಥಿವೇತನದ ಅರ್ಜಿಗಳು ಬರತೊಡಗುತ್ತವೆ. ನಮೂನೆಯನ್ನು ತುಂಬಿ, ಅದರ ಹಿಂದೆ ಪ್ರಮಾಣಪತ್ರಗಳ ನಕಲುಗಳನ್ನು ಸೇರಿಸಿ, ಎಲ್ಲಕ್ಕೂ ಮೇಲೆ ಒಂದು ಪತ್ರವನ್ನಿಟ್ಟು ಮಕ್ಕಳು ಕಳುಹಿಸುತ್ತಾರೆ. ಈ ಮೇಲಿನ ಪತ್ರವನ್ನು ಕಚೇರಿಯವರು ಕವರಿಂಗ್ ಲೆಟರ್ ಎನ್ನುತ್ತಾರೆ. ನಾವು ಮನವಿ ಪತ್ರ ಎನ್ನೋಣ. ನೂರು ಮನವಿ ಪತ್ರಗಳಲ್ಲಿ ತೊಂಬತ್ತರ ಒಕ್ಕಣೆ ಒಂದೇ ಬಗೆಯದು: ‘ನಾನು ಬಡ ವಿದ್ಯಾರ್ಥಿ, ಅಗತ್ಯ ದಾಖಲೆಗಳನ್ನು ಲಗತ್ತಿಸಿದ್ದೇನೆ, ದಯವಿಟ್ಟು ಸಹಾಯ ಮಾಡಬೇಕು.’ ಯಾವ ದಾಖಲೆ, ಅದು ಏನನ್ನು ತೋರಿಸುತ್ತದೆ, ಅದನ್ನು ಏಕೆ ಇಡಲಾಗಿದೆ ಎಂಬ ಮಾತು ಅದರಲ್ಲಿ ಇರುವುದಿಲ್ಲ. ಆ ಮಾತು ಇಲ್ಲದ ಕಾರಣ ಒಬ್ಬ ಹುಡುಗಿಯ ಒಂದು ವರ್ಷದ ನೆರವು ಹೇಗೆ ತಪ್ಪಿಹೋಯಿತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಪ್ಪಿಸಿದವರಲ್ಲಿ ನಾನೂ ಒಬ್ಬನಾದುದರಿಂದ ಆ ಪ್ರಸಂಗವನ್ನು ಇಲ್ಲಿ ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಇದು 2023ನೆಯ ಇಸವಿಯ ಮಾತು. ಒಂದು ದತ್ತಿಯ ಅರ್ಜಿ ಪರಿಶೀಲನಾ ಸಮಿತಿಯಲ್ಲಿ ನಾವು ಮೂವರಿದ್ದೆವು. ಆ ದತ್ತಿಯ ನಿಯಮದಂತೆ ಕುಟುಂಬದ ವಾರ್ಷಿಕ ವರಮಾನ ರೂ. 1,50,000 ಮೀರಿರಬಾರದು. ಸವದತ್ತಿ ಸೀಮೆಯ ಹಳ್ಳಿಯೊಂದರ ಹುಡುಗಿ, ಬಿ.ಎಸ್‌ಸಿ. ಎರಡನೆಯ ವರ್ಷದವಳು, ಹದಿನೇಳು ಹಾಳೆಗಳ ಅರ್ಜಿಯನ್ನು ಕಳುಹಿಸಿದ್ದಳು. ಅದರಲ್ಲಿದ್ದ ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿ ಕುಟುಂಬದ ವರಮಾನ ರೂ. 2,10,000 ಎಂದಿತ್ತು. ಮಿತಿಯನ್ನು ಮೀರಿದೆಯೆಂದು ಅರ್ಜಿಯನ್ನು ಬದಿಗಿಟ್ಟೆವು. ಹನ್ನೊಂದನೆಯ ಹಾಳೆಯಾಗಿ ಆಕೆಯ ತಂದೆಯ ಮರಣ ಪ್ರಮಾಣಪತ್ರವಿತ್ತು. ಅಲ್ಲಿಯವರೆಗೆ ನಮ್ಮ ಕೈ ಹೋಗಲೇ ಇಲ್ಲ.

ಮರುವರ್ಷ ಆ ಹುಡುಗಿ ತಾಯಿಯೊಡನೆ ಕಚೇರಿಗೆ ಬಂದಾಗ ಸಂಗತಿ ಹೊರಬಿತ್ತು. ತಂದೆ ಖಾಸಗಿ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದರು. 2021ರಲ್ಲಿ ಪಡೆದ ಪ್ರಮಾಣಪತ್ರದಲ್ಲಿ ಅವರ ಸಂಬಳವೂ ಸೇರಿತ್ತು. 2023ರ ಜುಲೈ ತಿಂಗಳಲ್ಲಿ ಅವರು ಲಿಂಗೈಕ್ಯರಾದರು. ಉಳಿದದ್ದು ಎರಡು ಎಕರೆ ಮಳೆಯಾಶ್ರಿತ ಹೊಲ ಮತ್ತು ತಾಯಿಯ ಹೊಲಿಗೆ ಯಂತ್ರ. ಪ್ರಮಾಣಪತ್ರದ ಮೇಲೆ ಐದು ವರ್ಷದ ಅವಧಿ ಮುದ್ರಿತವಾಗಿದ್ದುದರಿಂದ ಅದೇ ಸಾಕೆಂದು ಹುಡುಗಿ ತಿಳಿದಿದ್ದಳು. ಆ ವರ್ಷದ ಶುಲ್ಕಕ್ಕೆಂದು ತಾಯಿ ಸ್ವಸಹಾಯ ಸಂಘದಲ್ಲಿ ರೂ. 30,000 ಸಾಲ ಮಾಡಿದ್ದರು. ನಾನು ಕಡತವನ್ನು ತೆಗೆಸಿ ಹನ್ನೊಂದನೆಯ ಹಾಳೆಯನ್ನು ನೋಡುತ್ತಿದ್ದಾಗ ಆ ತಾಯಿ ಹೇಳಿದ ಮಾತು ಇಷ್ಟೇ: “ಕಾಗದ ಎಲ್ಲಾ ಇಟ್ಟಿದ್ವಿರಿ ಗುರುಗಳ. ಓದಾವ್ರು ಓದಲಿಲ್ಲ.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಓದುವವರು ಏಕೆ ಓದಲಿಲ್ಲವೆಂಬುದನ್ನು ವಿವರಿಸಬಲ್ಲೆ. ಅದನ್ನು ತಿಳಿದರೆ ಮನವಿ ಪತ್ರದ ಉದ್ದೇಶವೂ ತಾನಾಗಿಯೇ ತಿಳಿಯುತ್ತದೆ.

ಅರ್ಜಿಯ ಪರಿಶೀಲನೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಕಚೇರಿಯ ಗುಮಾಸ್ತರು ಪ್ರಕಟಣೆಯಲ್ಲಿ ಕೇಳಿದ ದಾಖಲೆಗಳು ಇವೆಯೇ ಇಲ್ಲವೇ ಎಂದು ಗುರುತು ಹಾಕುತ್ತಾರೆ. ಅನಂತರ ಸಮಿತಿಯವರು ನಿಯಮಗಳನ್ನು ಒಂದೊಂದಾಗಿ ಹಿಡಿದು ನೋಡುತ್ತಾರೆ: ಅರ್ಜಿದಾರರು ದತ್ತಿಯ ವ್ಯಾಪ್ತಿಗೆ ಸೇರಿದವರೇ, ವರಮಾನ ಮಿತಿಯೊಳಗಿದೆಯೇ, ಈಗ ವ್ಯಾಸಂಗ ಮಾಡುತ್ತಿರುವರೇ, ಅಂಕಗಳು ಎಷ್ಟು, ಹಣ ಯಾವುದಕ್ಕೆ ಬೇಕು, ಯಾವ ಖಾತೆಗೆ ಹೋಗಬೇಕು. ಮೊದಲಿನ ಒಂದು ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಪರಿಶೀಲನೆ ಅಲ್ಲಿಗೇ ನಿಲ್ಲುತ್ತದೆ. ಮುಂದಿನ ಹಾಳೆಗಳನ್ನು ಯಾರೂ ತಿರುವುವುದಿಲ್ಲ. ಹಲವು ನೂರು ಅರ್ಜಿಗಳನ್ನು ಕೆಲವೇ ದಿನಗಳಲ್ಲಿ ನೋಡಬೇಕಾದವರು ಬೇರೆ ರೀತಿಯಲ್ಲಿ ಕೆಲಸ ಮಾಡಲಾರರು. ಆದುದರಿಂದ ಒಂದು ಕಾಗದ ತಪ್ಪು ಅರ್ಥ ಕೊಡುವಂತಿದ್ದರೆ, ಅದನ್ನು ಸರಿಪಡಿಸುವ ಇನ್ನೊಂದು ಕಾಗದ ಹಿಂದೆ ಎಲ್ಲಿಯೋ ಇದ್ದರೆ ಪ್ರಯೋಜನವಿಲ್ಲ. ಆ ಎರಡರ ಸಂಬಂಧವನ್ನು ಮೊದಲ ಪುಟದಲ್ಲಿಯೇ ಹೇಳಬೇಕು. ಮನವಿ ಪತ್ರ ಇರುವುದು ಅದಕ್ಕೇ.

ಸಮಿತಿಯವರು ದಯೆಯಿಂದ ನಿಯಮವನ್ನು ಸಡಿಲಿಸಬಾರದೇ ಎಂದು ಕೆಲವರು ಕೇಳುತ್ತಾರೆ. ದತ್ತಿಯ ಹಣ ಸಮಿತಿಯವರದಲ್ಲ. 1906ರಲ್ಲಿ ಲಿಂಗೈಕ್ಯರಾದ ತ್ಯಾಗವೀರ ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಉಯಿಲಿನ ಮೂಲಕ ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟರೆಂಬುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಅಂತಹ ದೊಡ್ಡ ದತ್ತಿಯಿರಲಿ, ಊರಿನ ಒಬ್ಬ ವರ್ತಕರು ತಂದೆತಾಯಿಯರ ಹೆಸರಿನಲ್ಲಿ ಇಟ್ಟ ಚಿಕ್ಕ ನಿಧಿಯಿರಲಿ, ಅದನ್ನು ಯಾರಿಗೆ, ಯಾವ ಕಾರಣಕ್ಕೆ ಕೊಡಬೇಕೆಂದು ದಾನಿಗಳು ಪತ್ರದಲ್ಲಿ ಬರೆದಿರುತ್ತಾರೆ. ವರ್ಷದ ಕೊನೆಗೆ ಲೆಕ್ಕಪರಿಶೋಧಕರು ಬಂದು, ಕೊಟ್ಟ ಪ್ರತಿಯೊಂದು ರೂಪಾಯಿಗೂ ಕಡತದಲ್ಲಿ ಆಧಾರವಿದೆಯೇ ಎಂದು ನೋಡುತ್ತಾರೆ. ದಾಸೋಹದ ಹಣಕ್ಕೆ ಲೆಕ್ಕ ಬಿಗಿಯಾಗಿಯೇ ಇರಬೇಕು. ಸಮಿತಿಯವರಿಗೆ ಕನಿಕರ ಹುಟ್ಟಿಸುವ ಮಾತಿಗಿಂತ, ಕಡತದಲ್ಲಿ ನಿಲ್ಲುವ ಆಧಾರವನ್ನು ತೋರಿಸಿಕೊಡುವ ಮಾತು ಅವರ ಕೈಗೆ ಹೆಚ್ಚು ಬಲ ಕೊಡುತ್ತದೆ.

2024ರಲ್ಲಿ ಆ ಹುಡುಗಿ ಮೂರನೆಯ ವರ್ಷಕ್ಕಾಗಿ ಹೊಸ ಅರ್ಜಿ ಕೊಡಬೇಕಾಗಿತ್ತು. ನಾನು ಆ ಅರ್ಜಿಯ ತೀರ್ಮಾನದಲ್ಲಿ ಕೂಡುವುದಿಲ್ಲವೆಂದು ಸಮಿತಿಗೆ ಬರೆದುಕೊಟ್ಟು, ತಾಯಿ ಮಗಳನ್ನು ಎದುರಿಗೆ ಕೂರಿಸಿಕೊಂಡು, ಇದ್ದ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಸಿದೆ. ಒಂದೊಂದನ್ನೂ ಎತ್ತಿಕೊಂಡು, “ಇದು ಸಮಿತಿಯ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ?” ಎಂದು ಹುಡುಗಿಯನ್ನೇ ಕೇಳುತ್ತ ಹೋದೆ. ಉತ್ತರ ಹೊಳೆದ ಕಾಗದ ಬಲಕ್ಕೆ, ಹೊಳೆಯದ ಕಾಗದ ಎಡಕ್ಕೆ. ಹದಿನೇಳು ಹಾಳೆಗಳಲ್ಲಿ ಒಂಬತ್ತು ಎಡಕ್ಕೆ ಹೋದವು. ಹೊಸದಾಗಿ ತರಬೇಕಾದವು ಕೆಲವು ಉಳಿದವು.

ಎಡಕ್ಕೆ ಹೋದವುಗಳಲ್ಲಿ ವಚನ ಕಂಠಪಾಠ ಸ್ಪರ್ಧೆಯ ಬಹುಮಾನ ಪತ್ರಗಳು, ಕ್ರೀಡಾಕೂಟದ ಪತ್ರ, ಒಂದು ಶಿಬಿರದಲ್ಲಿ ಭಾಗವಹಿಸಿದ ಪತ್ರ ಇವೆಲ್ಲ ಇದ್ದವು. ಹುಡುಗಿಗೆ ಅವನ್ನು ಬಿಡಲು ಮನಸ್ಸಿರಲಿಲ್ಲ. ಅವು ಒಳ್ಳೆಯ ಕಾಗದಗಳೇ. ಆದರೆ ಆ ದತ್ತಿಯ ಪ್ರಕಟಣೆಯಲ್ಲಿ ಪಠ್ಯೇತರ ಸಾಧನೆಗೆ ಪ್ರಾಶಸ್ತ್ಯವಿರಲಿಲ್ಲ. ಹಿಂದಿನ ವರ್ಷ ಮರಣ ಪ್ರಮಾಣಪತ್ರವನ್ನು ಮರೆಮಾಡಿದ್ದು ಇದೇ ಪತ್ರಗಳು. ಪ್ರಕಟಣೆಯಲ್ಲಿ ಅಂತಹ ಸಾಧನೆಗೆ ಅಂಕವಿದ್ದರೆ ಮಾತ್ರ ಅವನ್ನು ಸೇರಿಸಿ, ಯಾವ ನಿಯಮಕ್ಕಾಗಿ ಸೇರಿಸಿದೆ ಎಂದು ಬರೆಯಬೇಕು. ಊರಿನ ಹಿರಿಯರೊಬ್ಬರು ಕೊಟ್ಟಿದ್ದ ಶಿಫಾರಸು ಪತ್ರವೂ ಎಡಕ್ಕೇ ಹೋಯಿತು. ‘ಈ ಕುಟುಂಬ ಬಡತನದಲ್ಲಿದೆ’ ಎಂದು ಗೌರವಾನ್ವಿತರು ಬರೆದರೂ ಅದು ತಹಶೀಲ್ದಾರರ ಕಚೇರಿಯ ಆದಾಯ ಪ್ರಮಾಣಪತ್ರದ ಸ್ಥಾನದಲ್ಲಿ ನಿಲ್ಲಲಾರದು.

ಇನ್ನು ಬಲಕ್ಕೆ ಉಳಿದವುಗಳನ್ನು ನೋಡೋಣ.

ಮೊದಲನೆಯದು ಎಸ್.ಎಸ್.ಎಲ್.ಸಿ. ಅಂಕಪಟ್ಟಿ. ಪದವಿಯ ವಿದ್ಯಾರ್ಥಿ ಹತ್ತನೆಯ ತರಗತಿಯ ಅಂಕಗಳನ್ನು ಏಕೆ ತೋರಿಸಬೇಕು? ಅಂಕಗಳಿಗಾಗಿ ಅಲ್ಲ, ಹೆಸರು ಮತ್ತು ಜನ್ಮ ದಿನಾಂಕಕ್ಕಾಗಿ. ಮುಂದಿನ ದಾಖಲೆಗಳಲ್ಲಿ ಹೆಸರು ಹೆಚ್ಚುಕಡಿಮೆಯಾದರೆ ಯಾವುದನ್ನು ಮೂಲವೆಂದು ಹಿಡಿಯಬೇಕೆಂಬ ಪ್ರಶ್ನೆ ಬಂದಾಗ ಕಚೇರಿಗಳು ಸಾಮಾನ್ಯವಾಗಿ ಇದನ್ನೇ ನೋಡುತ್ತವೆ. ಆದುದರಿಂದ ಇದರ ಮುಂದೆ ‘ಅಂಕಗಳಿಗಾಗಿ’ ಎಂದು ಬರೆಯದೆ ‘ಹೆಸರು ಹಾಗೂ ಜನ್ಮ ದಿನಾಂಕದ ಆಧಾರವಾಗಿ’ ಎಂದು ಬರೆಯಬೇಕು.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ಈ ಒಂದು ಕಾಗದ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ: ದತ್ತಿಯ ವ್ಯಾಪ್ತಿಗೆ ಸೇರಿದವರೇ ಎಂಬುದಕ್ಕೆ ಒಂದು, ವರಮಾನಕ್ಕೆ ಇನ್ನೊಂದು. ಹುಡುಗಿ ಎಡವಿದ್ದು ಇಲ್ಲಿಯೇ. ಪ್ರಮಾಣಪತ್ರದ ಅವಧಿ ಮುಗಿದಿಲ್ಲವೆಂದರೆ ಅದು ಕಾನೂನಿನಂತೆ ಚಲಾವಣೆಯಲ್ಲಿದೆ ಎಂದಷ್ಟೇ ಅರ್ಥ. ಅದರೊಳಗಿನ ಅಂಕಿ ಇಂದಿಗೂ ನಿಜವೆಂದು ಅರ್ಥವಲ್ಲ. ದುಡಿಯುವವರು ತೀರಿಕೊಂಡಾಗ, ಕೆಲಸ ಹೋದಾಗ, ಸಹೋದರರ ನಡುವೆ ಮನೆ ಪಾಲಾದಾಗ ವರಮಾನ ಬದಲಾಗುತ್ತದೆ, ಕಾಗದ ಬದಲಾಗುವುದಿಲ್ಲ. ಅಂತಹ ಸಂದರ್ಭದಲ್ಲಿ ನಾಡಕಚೇರಿಯಲ್ಲಿ ಹೊಸದಾಗಿ ಅರ್ಜಿ ಕೊಡಬೇಕು. ಹಿಂದೆ ನಮ್ಮ ಕಡೆ ತಲಾಠಿ ಎನ್ನುತ್ತಿದ್ದ ಗ್ರಾಮ ಆಡಳಿತಾಧಿಕಾರಿ ವಿಚಾರಣೆ ಮಾಡಿ ವರದಿ ಕೊಡುತ್ತಾರೆ. ಕಂದಾಯ ನಿರೀಕ್ಷಕರ ಮೂಲಕ ಅದು ಮೇಲೆ ಹೋಗುತ್ತದೆ. ತಾಯಿ ಮರಣ ಪ್ರಮಾಣಪತ್ರವನ್ನು ತೋರಿಸಿ ಅರ್ಜಿ ಕೊಟ್ಟರು. ಹೊಸ ಪ್ರಮಾಣಪತ್ರದಲ್ಲಿ ವರಮಾನ ರೂ. 58,000 ಎಂದು ಬಂತು. ಈ ಪ್ರಮಾಣಪತ್ರದ ಮೇಲೆ ಆರ್‌ಡಿ ಎಂಬ ಅಕ್ಷರಗಳಿಂದ ಮೊದಲಾಗುವ ಸಂಖ್ಯೆಯೊಂದಿರುತ್ತದೆ. ಅದನ್ನು ಮನವಿ ಪತ್ರದಲ್ಲಿ ಬರೆದರೆ ಕಚೇರಿಯವರು ನಾಡಕಚೇರಿಯ ಜಾಲತಾಣದಲ್ಲಿ ತಾವೇ ತಾಳೆ ನೋಡಿಕೊಳ್ಳಬಹುದು.

ಮೂರನೆಯದು ತಂದೆಯ ಮರಣ ಪ್ರಮಾಣಪತ್ರ. ಇದನ್ನು ಆದಾಯ ಪ್ರಮಾಣಪತ್ರದ ಬೆನ್ನಿಗೇ ಇಡಬೇಕು, ಏಕೆಂದರೆ ಅದಿಲ್ಲದೆ ಇದಕ್ಕೆ ಅರ್ಥವಿಲ್ಲ. ಹಿಂದಿನ ವರ್ಷ ಇದೇ ಸಮಿತಿಗೆ ರೂ. 2,10,000ದ ಪ್ರಮಾಣಪತ್ರ ಬಂದಿದೆ. ಈ ವರ್ಷ ರೂ. 58,000ದ್ದು ಬರುತ್ತಿದೆ. ಕಡತವನ್ನು ಹೋಲಿಸಿ ನೋಡುವವರಿಗೆ ಸಂಶಯ ಬಾರದೇ ಇರದು. ಆ ಸಂಶಯವನ್ನು ಅವರು ಎತ್ತುವ ಮೊದಲೇ ನಾವೇ ಎತ್ತಿ ಉತ್ತರಿಸಬೇಕು. ಮರಣ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಉಳಿದ ದಾಖಲೆಗಳಲ್ಲಿರುವಂತೆಯೇ ಇದೆಯೇ ಎಂದು ನೋಡಿಕೊಳ್ಳುವುದೂ ಅಗತ್ಯ. ಮನೆಯಲ್ಲಿ ಕರೆಯುವ ಹೆಸರನ್ನು ಮರಣ ನೋಂದಣಿಯಲ್ಲಿ ಬರೆಯಿಸಿ, ಬಳಿಕ ಪರದಾಡಿದ ಕುಟುಂಬಗಳನ್ನು ಕಂಡಿದ್ದೇನೆ.

ನಾಲ್ಕನೆಯದು ವ್ಯಾಸಂಗ ಪ್ರಮಾಣಪತ್ರ. ಈಗ ಯಾವ ಕಾಲೇಜಿನಲ್ಲಿ, ಯಾವ ವರ್ಷದಲ್ಲಿ ಓದುತ್ತಿರುವಳೆಂದು ಪ್ರಾಂಶುಪಾಲರು ದೃಢೀಕರಿಸುವ ಪತ್ರ ಇದು. ಪ್ರವೇಶದ ರಸೀದಿಯನ್ನು ಇದರ ಬದಲು ಇಡುವವರುಂಟು. ರಸೀದಿ ಹಣ ಕಟ್ಟಿದ್ದನ್ನು ಮಾತ್ರ ಹೇಳುತ್ತದೆ. ವ್ಯಾಸಂಗ ಮುಂದುವರಿದಿದೆ ಎಂದು ಹೇಳುವುದಿಲ್ಲ. ಪ್ರಮಾಣಪತ್ರದಲ್ಲಿ ಶೈಕ್ಷಣಿಕ ವರ್ಷ ನಮೂದಾಗಿರಬೇಕು. ಹಿಂದಿನ ವರ್ಷದ ಪತ್ರದ ನಕಲು ನಡೆಯುವುದಿಲ್ಲ.

ಐದನೆಯದು ಪಿ.ಯು.ಸಿ. ಅಂಕಪಟ್ಟಿ ಮತ್ತು ಪದವಿಯ ನಾಲ್ಕು ಸೆಮಿಸ್ಟರುಗಳ ಅಂಕಪಟ್ಟಿಗಳು. ಪಿ.ಯು.ಸಿ.ಯಲ್ಲಿ ಆಕೆಗೆ 600ಕ್ಕೆ 522 ಅಂಕ, ಅಂದರೆ ಶೇ. 87. ಆದರೆ ಮೂರನೆಯ ಸೆಮಿಸ್ಟರಿನಲ್ಲಿ ಒಂದು ವಿಷಯ ಹೋಗಿತ್ತು. ಮುಂದಿನ ಪರೀಕ್ಷೆಯಲ್ಲಿ ಉತ್ತೀರ್ಣಳಾಗಿದ್ದಳು. ಹುಡುಗಿ ಆ ಅಂಕಪಟ್ಟಿಯನ್ನು ಹಿಂದಕ್ಕೆ ಸರಿಸಿ ಇಟ್ಟಿದ್ದಳು. ನಾನು ಅದನ್ನು ಮುಂದಕ್ಕೆ ತರಿಸಿದೆ. ತಂದೆ ತೀರಿಕೊಂಡದ್ದು 2023ರ ಜುಲೈ. ಆಕೆ ಮೂರನೆಯ ಸೆಮಿಸ್ಟರಿನಲ್ಲಿ ಓದಿದ್ದು ಅದರ ಮರು ತಿಂಗಳುಗಳಲ್ಲಿ. ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಕಾರಣ ತಾನೇ ಕಾಣುತ್ತದೆ. ಬಚ್ಚಿಟ್ಟ ಅಂಕಪಟ್ಟಿ ಸಿಕ್ಕಿಬಿದ್ದರೆ ಉಳಿದ ಎಲ್ಲ ಕಾಗದಗಳ ಮೇಲೂ ಅನುಮಾನದ ನೆರಳು ಬೀಳುತ್ತದೆ. ಇಲ್ಲಿಯೂ ಒಂದು ಎಚ್ಚರ ಬೇಕು: ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿ ನಿಲ್ಲಿಸಬೇಕು. ಅದನ್ನು ಬೆಳೆಸಿದರೆ ನೆಪದಂತೆ ಕೇಳಿಸುತ್ತದೆ.

ಆರನೆಯದು ಕಾಲೇಜು ಶುಲ್ಕದ ಮತ್ತು ವಿದ್ಯಾರ್ಥಿನಿಲಯದ ರಸೀದಿಗಳು. ‘ಎಷ್ಟಾದರೂ ಸರಿ, ಸಹಾಯ ಮಾಡಿ’ ಎಂದು ಬರೆದ ಅರ್ಜಿಗಳನ್ನು ತೀರ್ಮಾನಿಸುವುದು ಕಷ್ಟ. ಕಾಲೇಜಿಗೆ ಕಟ್ಟಿದ್ದು ರೂ. 16,850, ವಿದ್ಯಾರ್ಥಿನಿಲಯಕ್ಕೆ ವರ್ಷಕ್ಕೆ ರೂ. 24,000, ಅದರಲ್ಲಿ ಅರ್ಧ ಕಟ್ಟಿದೆ, ಅರ್ಧ ಬಾಕಿ. ಒಟ್ಟು ಖರ್ಚು ರೂ. 40,850. ಹೀಗೆ ಬರೆದಾಗ ಎಷ್ಟು ಕೊಡಬೇಕು, ವಿದ್ಯಾರ್ಥಿನಿಗೆ ಕೊಡಬೇಕೇ ನೇರವಾಗಿ ವಿದ್ಯಾರ್ಥಿನಿಲಯಕ್ಕೆ ಕಟ್ಟಬೇಕೇ ಎಂದು ಸಮಿತಿಯವರು ಯೋಚಿಸಬಹುದು. ಸರ್ಕಾರದ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಿದ್ದರೆ ಅದನ್ನು ಇಲ್ಲಿಯೇ ತಿಳಿಸಬೇಕು. ಒಂದೇ ಶುಲ್ಕಕ್ಕೆ ಎರಡು ಕಡೆ ಹಣ ಪಡೆಯುವುದನ್ನು ಅನೇಕ ದತ್ತಿಗಳು ಒಪ್ಪುವುದಿಲ್ಲ.

ಏಳನೆಯದು ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಮಂಜೂರಾದ ಹಣ ಮರಳಿ ಬರುವುದು ಹೆಚ್ಚಾಗಿ ಇಲ್ಲಿಯೇ. ಈ ಹುಡುಗಿಯ ಅಂಕಪಟ್ಟಿಯಲ್ಲಿ ಆಕೆಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇದ್ದವು. ಬ್ಯಾಂಕಿನಲ್ಲಿ ಅಡ್ಡಹೆಸರು ಇರಲಿಲ್ಲ, ತಂದೆಯ ಹೆಸರಿನ ಮೊದಲಕ್ಷರ ಮಾತ್ರ ಇತ್ತು. ಉತ್ತರ ಕರ್ನಾಟಕದ ನಮ್ಮ ಮನೆಗಳಲ್ಲಿ ಇದು ದಿನನಿತ್ಯದ ತೊಡಕು. ಬ್ಯಾಂಕಿಗೆ ಹೋಗಿ ಅಂಕಪಟ್ಟಿಯಂತೆ ಹೆಸರನ್ನು ತಿದ್ದಿಸುವುದೇ ಸರಿಯಾದ ದಾರಿ. ಅದು ಆಗುವವರೆಗೆ, ಎರಡೂ ಹೆಸರುಗಳು ಒಬ್ಬಳದೇ ಎಂದು ಪ್ರಾಂಶುಪಾಲರಿಂದ ದೃಢೀಕರಣ ಪಡೆದು ಎಂಟನೆಯ ಲಗತ್ತಾಗಿ ಇಟ್ಟೆವು. ಕೆಲವು ಸಂಸ್ಥೆಗಳು ನೋಟರಿಯ ಮುಂದೆ ಮಾಡಿದ ಪ್ರಮಾಣಪತ್ರವನ್ನೇ ಕೇಳುತ್ತವೆ. ಮೊದಲೇ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ಇಷ್ಟಾದ ಮೇಲೆ ಹುಡುಗಿ ತನ್ನ ಕೈಯಾರೆ ಬರೆದ ಪತ್ರ ಹೀಗಿತ್ತು. ಹೆಸರು, ವಿಳಾಸ, ಸಂಖ್ಯೆಗಳನ್ನು ಬಿಟ್ಟು ಉಳಿದುದನ್ನು ಆಕೆಯ ಒಪ್ಪಿಗೆಯಿಂದ ಕೊಡುತ್ತಿದ್ದೇನೆ.

ಇಂದ: (ಹೆಸರು, ಅಂಕಪಟ್ಟಿಯಲ್ಲಿರುವಂತೆ, ವಿಳಾಸ, ದೂರವಾಣಿ)
ಗೆ: ಕಾರ್ಯದರ್ಶಿಗಳು, (ದತ್ತಿಯ ಹೆಸರು, ಊರು)
ವಿಷಯ: 2024–25ನೆಯ ಸಾಲಿನ ವಿದ್ಯಾರ್ಥಿವೇತನಕ್ಕಾಗಿ ಮನವಿ.
ಉಲ್ಲೇಖ: ತಮ್ಮ ಪ್ರಕಟಣೆ, (ದಿನಾಂಕ)

ಮಾನ್ಯರೇ,

ನಾನು ಬಿ.ಎಸ್‌ಸಿ. ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ನನ್ನ ತಂದೆಯವರು 2023ರ ಜುಲೈಯಲ್ಲಿ ಲಿಂಗೈಕ್ಯರಾದುದರಿಂದ ನಮ್ಮ ಕುಟುಂಬದ ವರಮಾನ ಈಗ ವರ್ಷಕ್ಕೆ ರೂ. 58,000 ಆಗಿದೆ. ಕಳೆದ ವರ್ಷದ ನನ್ನ ಅರ್ಜಿಯಲ್ಲಿ ತಂದೆಯವರ ಸಂಬಳ ಸೇರಿದ್ದ 2021ರ ಪ್ರಮಾಣಪತ್ರವನ್ನು ಇಟ್ಟಿದ್ದೆ, ಅದರಲ್ಲಿ ರೂ. 2,10,000 ಎಂದಿತ್ತು. ಅದರ ಬದಲು ಈ ವರ್ಷ ಪಡೆದ ಹೊಸ ಪ್ರಮಾಣಪತ್ರವನ್ನು ಪರಿಗಣಿಸಬೇಕೆಂದು ಕೋರುತ್ತೇನೆ. ಲಗತ್ತುಗಳ ವಿವರ ಹೀಗಿದೆ:

1. ಎಸ್.ಎಸ್.ಎಲ್.ಸಿ. ಅಂಕಪಟ್ಟಿ (1 ಹಾಳೆ): ನನ್ನ ಹೆಸರು ಮತ್ತು ಜನ್ಮ ದಿನಾಂಕಕ್ಕೆ ಆಧಾರ.
2. ಜಾತಿ ಮತ್ತು ಆದಾಯ ಪ್ರಮಾಣಪತ್ರ, 2024 (1 ಹಾಳೆ), ಆರ್‌ಡಿ ಸಂಖ್ಯೆ (…): ದತ್ತಿಯ ವ್ಯಾಪ್ತಿಗೆ ಸೇರಿದವಳೆಂಬುದಕ್ಕೂ ಈಗಿನ ವರಮಾನಕ್ಕೂ ಆಧಾರ.
3. ತಂದೆಯವರ ಮರಣ ಪ್ರಮಾಣಪತ್ರ (1 ಹಾಳೆ): ವರಮಾನ ಕಡಿಮೆಯಾದ ಕಾರಣಕ್ಕೆ ಆಧಾರ.
4. ವ್ಯಾಸಂಗ ಪ್ರಮಾಣಪತ್ರ, 2024–25 (1 ಹಾಳೆ): ಈಗ ಮೂರನೆಯ ವರ್ಷದಲ್ಲಿ ಓದುತ್ತಿರುವುದಕ್ಕೆ.
5. ಪಿ.ಯು.ಸಿ. ಮತ್ತು ನಾಲ್ಕು ಸೆಮಿಸ್ಟರುಗಳ ಅಂಕಪಟ್ಟಿಗಳು, ಮರುಪರೀಕ್ಷೆಯದೂ ಸೇರಿ (6 ಹಾಳೆ): ಅಂಕಗಳಿಗೆ. ತಂದೆಯವರು ತೀರಿಕೊಂಡ ಬಳಿಕದ ಮೂರನೆಯ ಸೆಮಿಸ್ಟರಿನಲ್ಲಿ ಒಂದು ವಿಷಯದಲ್ಲಿ ಅನುತ್ತೀರ್ಣಳಾಗಿ, ಮುಂದಿನ ಪರೀಕ್ಷೆಯಲ್ಲಿ ಉತ್ತೀರ್ಣಳಾಗಿದ್ದೇನೆ.
6. ಕಾಲೇಜು ಮತ್ತು ವಿದ್ಯಾರ್ಥಿನಿಲಯದ ರಸೀದಿಗಳು (2 ಹಾಳೆ): ಒಟ್ಟು ಖರ್ಚು ರೂ. 40,850, ಇದರಲ್ಲಿ ವಿದ್ಯಾರ್ಥಿನಿಲಯದ ರೂ. 12,000 ಬಾಕಿ. ಸರ್ಕಾರದ ವಿದ್ಯಾರ್ಥಿವೇತನಕ್ಕೂ ಅರ್ಜಿ ಸಲ್ಲಿಸಿದ್ದೇನೆ. ಮಂಜೂರಾದರೆ ತಮಗೆ ತಿಳಿಸುತ್ತೇನೆ.
7. ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ (1 ಹಾಳೆ): ಹಣ ಜಮೆ ಮಾಡುವ ಖಾತೆಯ ವಿವರಕ್ಕೆ. ಖಾತೆಯಲ್ಲಿ ಅಡ್ಡಹೆಸರು ಇಲ್ಲ.
8. ಪ್ರಾಂಶುಪಾಲರ ದೃಢೀಕರಣ (1 ಹಾಳೆ): ಲಗತ್ತು 1 ಮತ್ತು 7ರಲ್ಲಿರುವ ಹೆಸರುಗಳು ನನ್ನವೇ ಎಂಬುದಕ್ಕೆ.

ಒಟ್ಟು ಲಗತ್ತುಗಳು ಎಂಟು, ಹಾಳೆಗಳು ಹದಿನಾಲ್ಕು. ಮೂಲ ದಾಖಲೆಗಳು ನನ್ನಲ್ಲಿವೆ. ತಾವು ಕೇಳಿದಾಗ ತಂದು ತೋರಿಸುತ್ತೇನೆ.

ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ,
(ಸಹಿ, ದಿನಾಂಕ, ಸ್ಥಳ)

ಈ ಪತ್ರದಲ್ಲಿ ‘ಬಡವಳು’ ಎಂಬ ಮಾತಿಲ್ಲ. ವರಮಾನ ಬದಲಾದ ಸಂಗತಿ ಮೊದಲ ನಾಲ್ಕು ಸಾಲುಗಳಲ್ಲಿಯೇ ಬಂದಿದೆ. ಹಳೆಯ ಅಂಕಿಯನ್ನೂ ಆಕೆಯೇ ಹೇಳಿದ್ದಾಳೆ. ಒಂದು ಲಗತ್ತು ಇನ್ನೊಂದನ್ನು ಅವಲಂಬಿಸಿದ್ದರೆ ಅದರ ಸಂಖ್ಯೆಯನ್ನು ಹೇಳಿದ್ದಾಳೆ. ಹಾಳೆಗಳ ಲೆಕ್ಕ ಬರೆದುದರಿಂದ ಒಂದು ಹಾಳೆ ಕಳಚಿ ಬಿದ್ದರೂ ಗುಮಾಸ್ತರಿಗೆ ಕೂಡಲೇ ತಿಳಿಯುತ್ತದೆ.

ಉಳಿದ ಕೈಕೆಲಸ ಸ್ವಲ್ಪವೇ. ಪ್ರತಿಯೊಂದು ನಕಲಿನ ಬಲ ಮೇಲ್ಮೂಲೆಯಲ್ಲಿ ‘ಲಗತ್ತು 1’, ‘ಲಗತ್ತು 2’ ಎಂದು ಪತ್ರದಲ್ಲಿರುವ ಕ್ರಮದಲ್ಲಿಯೇ ಬರೆಯಬೇಕು. ಹಿಂದೆ ನಕಲುಗಳಿಗೆ ಗೆಜೆಟೆಡ್ ಅಧಿಕಾರಿಗಳ ಸಹಿ ಬೇಕಾಗುತ್ತಿತ್ತು. ಈಗ ಅನೇಕ ಕಡೆ ಅರ್ಜಿದಾರರ ಸ್ವದೃಢೀಕರಣವೇ ಸಾಕು. ಪ್ರಕಟಣೆಯಲ್ಲಿ ಏನು ಹೇಳಿದೆಯೋ ಅದರಂತೆ ಮಾಡಬೇಕು. ಮೂಲ ಅಂಕಪಟ್ಟಿಯನ್ನು ಎಂದಿಗೂ ಅಂಚೆಯಲ್ಲಿ ಕಳುಹಿಸಬಾರದು. ಪತ್ರದ ಒಂದು ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಂಡು, ಖುದ್ದಾಗಿ ಕೊಡುವುದಾದರೆ ಅದರ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಕಡತದಲ್ಲಿ ಏನಿತ್ತು, ಏನಿರಲಿಲ್ಲ ಎಂಬ ಮಾತು ಮುಂದೆ ಬಂದರೆ ಲಗತ್ತಿನ ಪಟ್ಟಿಯಿರುವ ಆ ಪ್ರತಿಯೇ ಸಾಕ್ಷಿ.

ಇಷ್ಟೆಲ್ಲ ಮಾಡಿದರೂ ಹಣ ಬಂದೇ ಬರುವುದೆಂದು ಹೇಳಲಾಗದು. ಅರ್ಹರೆಲ್ಲರಿಗೂ ಸಾಲುವಷ್ಟು ಹಣ ದತ್ತಿಯಲ್ಲಿ ಇರುವುದಿಲ್ಲ. ಅರ್ಹತೆಯಿದ್ದೂ ತಪ್ಪು ಓದಿನಿಂದ ಅರ್ಜಿ ಹೊರಗೆ ಬೀಳುವುದನ್ನು ಮಾತ್ರ ಈ ಪತ್ರ ತಡೆಯಬಲ್ಲುದು.

ಆ ಹುಡುಗಿಯ ಅರ್ಜಿಯನ್ನು ಉಳಿದ ಇಬ್ಬರು ಸದಸ್ಯರು ನೋಡಿ ಮಂಜೂರು ಮಾಡಿದರು. ವಿದ್ಯಾರ್ಥಿನಿಲಯದ ಬಾಕಿಯನ್ನು ದತ್ತಿಯಿಂದ ನೇರವಾಗಿ ಕಟ್ಟಲಾಯಿತು. ಆದರೆ 2023ರಲ್ಲಿ ತಪ್ಪಿದ್ದನ್ನು ತುಂಬಿಕೊಡಲು ಆಗಲಿಲ್ಲ. ಚಾಲ್ತಿ ವರ್ಷದ ವ್ಯಾಸಂಗಕ್ಕೆ ಮಾತ್ರ ಕೊಡಬೇಕೆಂದು ದತ್ತಿಪತ್ರದಲ್ಲಿದೆ. ಸಂಘದ ಸಾಲದ ಕಂತನ್ನು ತಾಯಿ ಹೊಲಿಗೆಯ ದುಡಿಮೆಯಿಂದಲೇ ತೀರಿಸಬೇಕಾಯಿತು. ಆ ವರ್ಷದಿಂದ ನಮ್ಮ ಅರ್ಜಿಯ ನಮೂನೆಯಲ್ಲಿ ಲಗತ್ತುಗಳ ಪಟ್ಟಿಯ ಪಕ್ಕದಲ್ಲಿ ‘ಏಕೆ ಲಗತ್ತಿಸಿದೆ?’ ಎಂಬ ಇನ್ನೊಂದು ಅಂಕಣವನ್ನು ಸೇರಿಸಿದ್ದೇವೆ. ಅರ್ಜಿಯನ್ನು ತಿರಸ್ಕರಿಸುವ ಮೊದಲು ಆ ಅಂಕಣವನ್ನು ಕೊನೆಯ ಸಾಲಿನವರೆಗೆ ಓದಿದ್ದೇವೆಂದು ಸಮಿತಿಯವರೂ ಸಹಿ ಮಾಡಬೇಕೆಂಬ ನಿಯಮವನ್ನು ನಮಗೆ ನಾವೇ ವಿಧಿಸಿಕೊಂಡಿದ್ದೇವೆ.